ಕೋವಿ ಸಿಡಿಯುವವರೆಗೆ ಕತ್ತರಿಸಬೇಡಿ

ಪ್ರಶ್ನೆ: ಕೊಡಗಿನಲ್ಲಿರುವ ನಮ್ಮ ಕುಟುಂಬದ ಮೂಲಮನೆ, ಐನ್‌ಮನೆಯಲ್ಲಿ ನಡೆದ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿಯನ್ನು ಎರಡು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ ಎಂಟು ನಿಮಿಷದ ಚಿತ್ರ ಮಾಡುತ್ತಿದ್ದೇನೆ. ಮೊದಲು ಎಲ್ಲ ಶಾಟ್‌ಗಳನ್ನೂ ಹಾಡಿನ ತಾಳಕ್ಕೆ ಎರಡೆರಡು ಸೆಕೆಂಡಿಗೆ ಕತ್ತರಿಸಿದೆ. ನೋಡಿದವರು ಸುಸ್ತಾಯಿತು ಎಂದರು. ಎಲ್ಲವನ್ನೂ ಉದ್ದ ಬಿಟ್ಟು ಮತ್ತೆ ತೋರಿಸಿದೆ, ಬೇಸರ ಎಂದರು. ಶಾಟನ್ನು ಯಾವಾಗ ಹಿಡಿದಿಡಬೇಕು, ಯಾವಾಗ ಬೇಗ ಕತ್ತರಿಸಬೇಕು?

ಉತ್ತರ: ಗೋಣಿಕೊಪ್ಪದಲ್ಲಿ ಮದುವೆ, ಹಬ್ಬ, ಹಾಕಿ ಪಂದ್ಯಗಳ ಚಿತ್ರಗಳನ್ನು ಸಂಕಲನ ಮಾಡುವವನು ನಾನು. ನಿಮ್ಮ ಚಿತ್ರವನ್ನು ನೋಡದೆಯೂ ಒಂದು ಮಾತು ಹೇಳಬಲ್ಲೆ: ನಿಮ್ಮ ಎರಡು ಪ್ರಯತ್ನಗಳಲ್ಲೂ ಇರುವುದು ಒಂದೇ ದೋಷ. ಮೊದಲನೆಯದರಲ್ಲಿ ಎಲ್ಲ ಶಾಟ್‌ಗಳೂ ಸಮನಾಗಿ ಚಿಕ್ಕವು, ಎರಡನೆಯದರಲ್ಲಿ ಸಮನಾಗಿ ದೊಡ್ಡವು. ನಾಲ್ಕು ಸೆಕೆಂಡಿನ ಶಾಟ್ ತನ್ನಷ್ಟಕ್ಕೆ ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಒಂದೊಂದು ಸೆಕೆಂಡಿನ ಆರು ಶಾಟ್‌ಗಳ ನಂತರ ಬಂದರೆ ಅದು ವಿರಾಮದಂತೆ ಕಾಣುತ್ತದೆ, ಇಪ್ಪತ್ತು ಸೆಕೆಂಡಿನ ಶಾಟ್‌ನ ನಂತರ ಬಂದರೆ ಅವಸರದಂತೆ ಕಾಣುತ್ತದೆ.

ಹುತ್ತರಿಯಲ್ಲೇ ಇದನ್ನು ಬಿಡಿಸಿ ನೋಡೋಣ. ಕದಿರು ತೆಗೆಯುವ ಭಾಗವನ್ನಷ್ಟೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಹಿಡಿಯುವುದು ಮತ್ತು ಕತ್ತರಿಸುವುದು ಎರಡೂ ಅಲ್ಲಿ ಕೆಲವೇ ಕ್ಷಣಗಳ ಅಂತರದಲ್ಲಿ ಬೇಕಾಗುತ್ತವೆ. ಮನೆಯವರೆಲ್ಲ ದೀಪ ಹಿಡಿದು ಗದ್ದೆಗೆ ಬರುತ್ತಾರೆ. ಮುಹೂರ್ತಕ್ಕಾಗಿ ಕಾಯುತ್ತಾರೆ. ಕೋವಿಯಿಂದ ಗುಂಡು ಹಾರುತ್ತದೆ. ಕದಿರು ಕೊಯ್ಯುತ್ತಾರೆ, "ಪೊಲಿ ಪೊಲಿ ದೇವಾ" ಎಂಬ ಕೂಗು ಏಳುತ್ತದೆ.

ಹೆಚ್ಚಿನವರು ಈ ಕಾಯುವಿಕೆಯನ್ನು ತುಂಡು ಮಾಡುತ್ತಾರೆ: ಕೈಗಡಿಯಾರ, ಮುಖ, ಕೋವಿಯ ನಳಿಗೆ, ಮಗು, ಚಂದ್ರ, ಮತ್ತೆ ಮುಖ. ಉದ್ವೇಗ ಹೆಚ್ಚಾಗಲಿ ಎಂಬುದು ಅವರ ಆಸೆ. ಆದರೆ ಪ್ರತಿ ಕಟ್ ಪ್ರೇಕ್ಷಕನಿಗೆ ಹೊಸತೊಂದನ್ನು ಕೊಡುತ್ತದೆ. ಹೊಸತು ಸಿಗುತ್ತಿರುವವರೆಗೆ ಅವನು ಕಾಯುವುದೇ ಇಲ್ಲ. ಕಾಯುವ ಅನುಭವ ಅವನಿಗೆ ಆಗಬೇಕಾದರೆ ಅವನನ್ನೂ ಆ ಗದ್ದೆಯ ಬದುವಿನ ಮೇಲೆ ನಿಲ್ಲಿಸಬೇಕು. ನಾನಾದರೆ ಇಡೀ ಕುಟುಂಬ ಕಾಣುವ ಒಂದೇ ವೈಡ್ ಶಾಟನ್ನು ಹದಿನೆಂಟು, ಇಪ್ಪತ್ತು ಸೆಕೆಂಡು ಬಿಡುತ್ತೇನೆ.

ಹಾಗೆ ಬಿಡಲು ಎರಡು ಷರತ್ತುಗಳಿವೆ. ಏನೋ ಆಗಲಿದೆ ಎಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಿರಬೇಕು. ಮನೆಯಲ್ಲಿ ಎಲೆಗಳನ್ನು ಕಂತೆ ಮಾಡಿ ನೆರೆ ಕಟ್ಟುವಾಗಲೋ ಹೊರಡುವಾಗಲೋ ಕುಟುಂಬದ ಹಿರಿಯರಾದ ಪಟ್ಟೆದಾರರು ಮುಹೂರ್ತದ ಸಮಯ ಹೇಳುವ ಒಂದು ವಾಕ್ಯ ನಿಮ್ಮ ತುಣುಕುಗಳಲ್ಲಿ ಇದ್ದೇ ಇರುತ್ತದೆ, ಅದನ್ನು ಹುಡುಕಿ ಮುಂಚೆಯೇ ಹಾಕಿ. ಆ ಮಾತು ಕಿವಿಗೆ ಬಿದ್ದಿದ್ದರೆ ಇಪ್ಪತ್ತು ಸೆಕೆಂಡು ತುಂಬಿರುತ್ತದೆ, ಇಲ್ಲದಿದ್ದರೆ ಅದು ಕತ್ತಲಲ್ಲಿ ನಿಂತ ಜನರ ಚಿತ್ರ ಅಷ್ಟೇ. ಎರಡನೆಯದಾಗಿ, ಶಾಟ್‌ನ ಒಳಗೆ ಸಣ್ಣಪುಟ್ಟ ಚಲನೆ ಇರಬೇಕು. ಮಗು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತದೆ, ಯಾರೋ ಗಾಳಿಗೆ ದೀಪ ಮರೆಮಾಡುತ್ತಾರೆ, ಕೋವಿ ಹಿಡಿದವರು ಒಂದು ಹೆಜ್ಜೆ ಮುಂದೆ ಬರುತ್ತಾರೆ. ಇವು ನಾಲ್ಕೈದು ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಶಾಟ್ ತಾನಾಗಿ ನಿಲ್ಲುತ್ತದೆ. ಏಳೆಂಟು ಸೆಕೆಂಡು ಏನೂ ಬದಲಾಗದಿದ್ದರೆ ಅದೇ ಶಾಟ್‌ನ ಬೇರೆ ಭಾಗ ಹುಡುಕಿ. ಅಂಥ ಭಾಗವೇ ಇಲ್ಲವೆಂದಾದರೆ ಹತ್ತು ಸೆಕೆಂಡಿಗೆ ತೃಪ್ತಿಪಡಿ.

ಈ ಹಿಡಿತಕ್ಕೆ ಮುಂಚಿನ ಮೆರವಣಿಗೆಯನ್ನು ಐದು, ನಾಲ್ಕು, ಮೂರು ಸೆಕೆಂಡು ಎಂದು ಕ್ರಮೇಣ ಇಳಿಸುತ್ತಾ ತನ್ನಿ. ಹೆಜ್ಜೆಯ ವೇಗ ಹಾಗೆ ಏರಿ ತಟ್ಟನೆ ನಿಂತಾಗ ಆ ನಿಲುವು ಎದೆಗೆ ತಟ್ಟುತ್ತದೆ.

ಇನ್ನು ಗುಂಡಿನ ವಿಷಯ. ಸದ್ದು ಕೇಳಿದ ಫ್ರೇಮ್‌ನಲ್ಲೇ ಕತ್ತರಿಸಬೇಕೆಂದು ಕೈ ತುರಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟು ಹೊತ್ತು ಕಾದ ಪ್ರೇಕ್ಷಕನಿಗೆ ಫಲ ಅದೇ ವೈಡ್‌ನಲ್ಲಿ ಸಿಗಬೇಕು: ಬೆಳಕು ಮಿಂಚುತ್ತದೆ, ಮಗು ಬೆಚ್ಚುತ್ತದೆ, ಎಲ್ಲರ ತಲೆ ಒಂದೇ ಕಡೆ ತಿರುಗುತ್ತದೆ. ಆ ತಲೆಗಳು ತಿರುಗಿ ಮುಗಿಯುವ ಮುನ್ನ, ಅಂದರೆ ಸದ್ದಿನ ಸುಮಾರು ಒಂದು ಸೆಕೆಂಡಿನ ನಂತರ ಕತ್ತರಿಸಿ.

ಎರಡು ಕ್ಯಾಮೆರಾ ಎಂದಿರಿ, ಹಾಗಾಗಿ ಇಲ್ಲೊಂದು ಪಕ್ಕದ ಮಾತು. ಎರಡು ತುಣುಕುಗಳನ್ನು ಗುಂಡಿನ ಸದ್ದಿನಿಂದ ಹೊಂದಿಸಿದರೆ ಚಿತ್ರ ತಪ್ಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸೆಕೆಂಡಿಗೆ 25 ಫ್ರೇಮ್ ಎಂದಾದರೆ ಒಂದು ಫ್ರೇಮ್‌ನ ಅವಧಿಯಲ್ಲಿ ಅದು ದಾಟುವುದು ಹದಿಮೂರು ಮೀಟರ್ ಚಿಲ್ಲರೆ. ಗದ್ದೆಯ ಆಚೆ ನಲವತ್ತು ಮೀಟರ್ ದೂರದಲ್ಲಿ ನಿಂತ ಕ್ಯಾಮೆರಾದಲ್ಲಿ ಸದ್ದು ಮೂರು ಫ್ರೇಮ್ ತಡವಾಗಿ ದಾಖಲಾಗಿರುತ್ತದೆ. ಆದ್ದರಿಂದ ಬೆಳಕಿನ ಫ್ರೇಮ್‌ನಿಂದ ಹೊಂದಿಸಿ. ಮಿಂಚು ಎರಡು ಫ್ರೇಮ್‌ಗಳ ನಡುವೆ ಬಿದ್ದು ದಾಖಲಾಗದೆ ಹೋಗಿರಲೂಬಹುದು, ಆಗ ಕೋವಿ ಭುಜವನ್ನು ಒದೆಯುವ ಫ್ರೇಮ್ ಹಿಡಿಯಿರಿ. ನಂತರ ಹತ್ತಿರದ ಕ್ಯಾಮೆರಾದ ಧ್ವನಿಯನ್ನು ಮಾತ್ರ ಉಳಿಸಿಕೊಳ್ಳಿ.

ಗುಂಡಿನ ನಂತರ ವೇಗ ಬರಲಿ. ಕುಡುಗೋಲು, ತೆನೆಯನ್ನು ಬಿಗಿಹಿಡಿದ ಮುಷ್ಟಿ, ಕೂಗುವ ಬಾಯಿ, ಎತ್ತಿದ ಕದಿರು: ಇವೆಲ್ಲ ಕಣ್ಣಿಗೆ ತಕ್ಷಣ ಅರ್ಥವಾಗುವ ಕ್ಲೋಸಪ್‌ಗಳು, ಹದಿನೆಂಟು, ಇಪ್ಪತ್ತು ಫ್ರೇಮ್ ಸಾಕು. ಆದರೆ ವೇಗದ ಕಟ್ ಸುಸ್ತು ತರುವುದೂ ಇಲ್ಲಿಯೇ. ಪರದೆಯ ಹೊಸ ಜಾಗಕ್ಕೆ ಹೊರಳಲು ಕಣ್ಣಿಗೆ ಸುಮಾರು ಐದನೇ ಒಂದು ಸೆಕೆಂಡು, ಅಂದರೆ ಐದು ಫ್ರೇಮ್ ಬೇಕು. ಕುಡುಗೋಲು ಬಲ ಅಂಚಿನಲ್ಲಿ, ಮುಂದಿನ ಶಾಟ್‌ನ ಮುಖ ಎಡ ಅಂಚಿನಲ್ಲಿ ಇದ್ದರೆ ಇಪ್ಪತ್ತು ಫ್ರೇಮ್‌ಗಳಲ್ಲಿ ಕಾಲು ಭಾಗ ಹುಡುಕಾಟಕ್ಕೇ ಹೋಯಿತು. ಹತ್ತು ಶಾಟ್ ಹೀಗೆ ಬಂದರೆ ತಲೆ ಸಿಡಿಯುತ್ತದೆ. ಮುಖ್ಯ ವಸ್ತು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬರುವಂತೆ ಶಾಟ್‌ಗಳ ಕ್ರಮ ಬದಲಿಸಿ ನೋಡಿ, ಅದೇ ವೇಗ ಹಗುರಾಗುತ್ತದೆ. ನಿಮ್ಮ ಮೊದಲ ಪ್ರಯತ್ನ ದಣಿಸಿದ್ದಕ್ಕೆ ಎರಡು ಸೆಕೆಂಡಿಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಅನುಮಾನ. ಇನ್ನೊಂದು ವಿಷಯ: ಕೊಯ್ಯುವ ಕೈಯನ್ನು ವೈಡ್‌ನಿಂದ ಕ್ಲೋಸಪ್‌ಗೆ ದಾಟಿಸುವುದಾದರೆ ಕೈ ಚಲನೆಯಲ್ಲಿರುವಾಗಲೇ ದಾಟಿಸಿ. ಕೈ ನಿಂತ ಮೇಲೆ ಕತ್ತರಿಸಿದರೆ ಕಟ್ ಎದ್ದು ಕಾಣುತ್ತದೆ.

ತಾಳದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹಾಡನ್ನು ತೆಗೆದುಬಿಡಿ. ಗದ್ದೆಯಲ್ಲಿ ದಾಖಲಾದ ಧ್ವನಿಯ ಮೇಲೆಯೇ ಪೂರ್ತಿ ಸಂಕಲನ ಮಾಡಿ, ಹಾಡು ಬೇಕೆನಿಸಿದರೆ ಕೊನೆಗೆ ಸೇರಿಸಿ. ಪ್ರತಿ ಪೆಟ್ಟಿಗೂ ಕಟ್ ಬಿದ್ದರೆ ಪ್ರೇಕ್ಷಕ ಅರ್ಧ ನಿಮಿಷದಲ್ಲೇ ಮುಂದಿನ ಕಟ್‌ ಅನ್ನು ಊಹಿಸತೊಡಗುತ್ತಾನೆ. ಆಮೇಲೆ ಅವನು ಚಿತ್ರ ನೋಡುವುದಿಲ್ಲ, ಲೆಕ್ಕ ಹಾಕುತ್ತಾನೆ. ದುಡಿ ಬಾರಿಸುತ್ತಾ ಹಾಡುವ ದುಡಿಕೊಟ್ಟ್ ಪಾಟ್ ಇರುವ ಕಡೆ ಒಂದೇ ಟೇಕ್‌ನ ಧ್ವನಿಯನ್ನು ಉದ್ದಕ್ಕೆ ಹಾಸಿ, ಅದರ ಮೇಲೆ ಚಿತ್ರಗಳನ್ನು ಬದಲಿಸಿ. ಕೋಲು ದುಡಿಗೆ ಬೀಳುವುದು ನೇರವಾಗಿ ಕಾಣುವ ಶಾಟ್‌ಗಳಲ್ಲಿ ಮಾತ್ರ ಪೆಟ್ಟು ಮತ್ತು ಸದ್ದು ಸರಿಯಾಗಿ ಕೂಡಬೇಕು. ಉಳಿದ ಕಟ್‌ಗಳು ತಾಳದ ಆಚೀಚೆ ಬಿದ್ದರೂ ಧ್ವನಿಯೇ ಅವನ್ನು ಹೊತ್ತೊಯ್ಯುತ್ತದೆ. "ಪೊಲಿ ಪೊಲಿ ದೇವಾ" ಕೂಗು ಕೂಡ ಕೂಗುವ ಮುಖಗಳಿಗಿಂತ ಅರ್ಧ ಸೆಕೆಂಡು ಮೊದಲು, ಕದಿರಿನ ಚಿತ್ರದ ಮೇಲೆಯೇ ಶುರುವಾಗಲಿ.

ಎಲ್ಲಿ ಕತ್ತರಿಸಬೇಕೆಂದು ಗೊಂದಲವಾದಾಗ ನಾನು ಬಳಸುವ ಪರೀಕ್ಷೆ ಸಂಕಲನಕಾರ ವಾಲ್ಟರ್ ಮರ್ಚ್ ಅವರದು. ಶಾಟನ್ನು ಸಾಮಾನ್ಯ ವೇಗದಲ್ಲಿ ಓಡಿಸಿ, ಸಾಕು ಅನಿಸಿದ ಕ್ಷಣದಲ್ಲಿ ಗುಂಡಿ ಒತ್ತಿ ಗುರುತು ಹಾಕಿ. ಹಿಂದಕ್ಕೆ ಹೋಗಿ, ಗುರುತನ್ನು ನೋಡದೆ ಮತ್ತೆ ಒತ್ತಿ. ಎರಡೂ ಸಲ ಅದೇ ಫ್ರೇಮ್‌ ಸಿಕ್ಕರೆ, ಅಥವಾ ಒಂದೆರಡು ಫ್ರೇಮ್ ಆಚೀಚೆಯಾದರೆ, ಕಟ್ ಅಲ್ಲಿದೆ. ಹತ್ತು, ಹದಿನೈದು ಫ್ರೇಮ್ ಅಂತರ ಬರುತ್ತಿದ್ದರೆ ಆ ಶಾಟ್‌ನಿಂದ ನಿಮಗೇನು ಬೇಕು ಎಂಬುದೇ ಇನ್ನೂ ನಿರ್ಧಾರವಾಗಿಲ್ಲ ಎಂದರ್ಥ. ಅದನ್ನು ಮೊದಲು ತೀರ್ಮಾನಿಸಿ. ಒಂದೊಂದೇ ಫ್ರೇಮ್ ಸರಿಸುತ್ತಾ ಕಟ್ ಹುಡುಕಿದರೆ ಈ ಲಯ ಕೈಗೆ ಸಿಗುವುದಿಲ್ಲ.

ಕಾಯುವಿಕೆಯನ್ನು ಹಿಡಿ, ಕ್ರಿಯೆಯನ್ನು ಕತ್ತರಿಸು ಎಂಬುದನ್ನು ನಿಯಮವೆಂದು ತಿಳಿಯಬೇಡಿ. ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಗಳಲ್ಲಿ, 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದಲ್ಲಿ, ನಾನು ಇದಕ್ಕೆ ತದ್ವಿರುದ್ಧ ಮಾಡುತ್ತೇನೆ. ಪೆನಾಲ್ಟಿ ಕಾರ್ನರ್‌ಗೆ ಮುನ್ನ ಮುಖಗವಸು ಕಟ್ಟುವುದು, ಗೋಲ್‌ಕೀಪರ್‌ನ ಕಣ್ಣು, ಅಜ್ಜಂದಿರು ಕುಳಿತ ಗ್ಯಾಲರಿ, ಎಲ್ಲವನ್ನೂ ಚಕಚಕನೆ ಕತ್ತರಿಸುತ್ತೇನೆ. ಚೆಂಡು ಹಿಂದಿನ ಗೆರೆಯಿಂದ ಹೊರಟ ಮೇಲೆ ಒಂದೇ ವೈಡ್, ಒಂದೂ ಕಟ್ ಇಲ್ಲ. ತಳ್ಳುವುದು, ವೃತ್ತದ ಹೊರಗೆ ನಿಲ್ಲಿಸುವುದು, ಹೊಡೆಯುವುದು ಎಲ್ಲ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರ ನಡುವೆ ಒಂದು ಕಟ್ ಬಿದ್ದರೂ ಪ್ರೇಕ್ಷಕ ಚೆಂಡನ್ನು ಕಳೆದುಕೊಳ್ಳುತ್ತಾನೆ. ಪೆನಾಲ್ಟಿ ಕಾರ್ನರ್‌ನಲ್ಲಿ ಯಾರು ಎಲ್ಲಿದ್ದಾರೆ ಎಂಬುದೇ ಕಥೆ, ಆದ್ದರಿಂದ ಆ ಜಾಗವನ್ನು ಒಡೆಯಬಾರದು. ಹುತ್ತರಿಯ ಗದ್ದೆಯಲ್ಲಿ ಕಾಲವೇ ಕಥೆ, ಆದ್ದರಿಂದ ಅಲ್ಲಿ ಕಾಲವನ್ನು ಒಡೆಯಬಾರದು. ಪ್ರತಿ ದೃಶ್ಯದಲ್ಲೂ ಈ ಎರಡರಲ್ಲಿ ಯಾವುದು ಎಂದು ನೀವೇ ಕೇಳಿಕೊಳ್ಳಬೇಕು.

ಚಿತ್ರವನ್ನು ಯಾವುದರಲ್ಲಿ ನೋಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಊರ ಸಮುದಾಯ ಭವನದ ದೊಡ್ಡ ಪರದೆಯಲ್ಲಿ ಆ ರಾತ್ರಿಯ ವೈಡ್ ಶಾಟ್ ಇಪ್ಪತ್ತು ಸೆಕೆಂಡು ಆರಾಮಾಗಿ ನಿಲ್ಲುತ್ತದೆ, ಏಕೆಂದರೆ ನೋಡುವುದಕ್ಕೆ ಮುಖಗಳಿವೆ. ಮೊಬೈಲ್‌ನಲ್ಲಿ ಅದೇ ಮುಖಗಳು ಕತ್ತಲಲ್ಲಿ ಚುಕ್ಕೆಗಳಾಗುತ್ತವೆ. ಹೆಚ್ಚಿನವರು ಕುಟುಂಬದ ವಾಟ್ಸಾಪ್ ಗುಂಪಿನಲ್ಲೇ ನೋಡುತ್ತಾರೆ ಎಂದಾದರೆ ಆ ವೈಡ್ ಅನ್ನು ಎಂಟು ಸೆಕೆಂಡಿಗೆ ಇಳಿಸಿ, ಉಳಿದ ಹೊತ್ತಿಗೆ ಕಾಯುತ್ತಿರುವ ಒಬ್ಬರ ಮುಖದ ಒಂದೇ ಕ್ಲೋಸಪ್ ಹಿಡಿಯಿರಿ, ಗುಂಡಿನ ಸದ್ದು ಆ ಮುಖದ ಮೇಲೆಯೇ ಬೀಳಲಿ.

ಕೊನೆಯದಾಗಿ, ಬೇಸರವಾಯಿತು ಎಂದವರು ತೋರಿಸಿದ ಶಾಟನ್ನೇ ಕತ್ತರಿಸಲು ಹೋಗಬೇಡಿ. ತಪ್ಪು ಹೆಚ್ಚಾಗಿ ಅದಕ್ಕೂ ಅರ್ಧ ನಿಮಿಷ ಹಿಂದೆ ಇರುತ್ತದೆ: ಒಂದೇ ವಿಷಯವನ್ನು ಎರಡು ಸಲ ಹೇಳಿದ ಶಾಟ್, ಉದಾಹರಣೆಗೆ ಮನೆಯಿಂದ ಹೊರಡುವುದನ್ನು ಎರಡೂ ಕ್ಯಾಮೆರಾಗಳಿಂದ ತೋರಿಸಿದ್ದು. ಅದನ್ನು ತೆಗೆದು ಅದೇ ವ್ಯಕ್ತಿಯ ಬದಲು ಹೊಸಬರೊಬ್ಬರಿಗೆ ತೋರಿಸಿ. ನೀವು ಪರದೆಯನ್ನು ನೋಡದೆ ಅವರನ್ನು ನೋಡುತ್ತಾ ಕುಳಿತು, ಅವರು ಕುರ್ಚಿಯಲ್ಲಿ ಮಿಸುಕಿದ ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಟೈಮ್‌ಲೈನ್‌ನಲ್ಲಿ ಆ ಗುರುತಿನಿಂದ ಹಿಂದಕ್ಕೆ ಹುಡುಕುತ್ತಾ ಹೋಗಿ.