ಬಡತನದ ಸಂಸ್ಕೃತಿ ವಾದವನ್ನು ವಿಮರ್ಶಿಸಲು ಯಾವ ಪುರಾವೆ ಬಳಸಬಹುದು?

ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಬಡವರು ಬಡವರಾಗಿಯೇ ಉಳಿಯಲು ಅವರ ಬದುಕಿನ ರೀತಿಯೇ ಕಾರಣ ಅನ್ನೋ ವಾದವನ್ನು ವಿಮರ್ಶಿಸಿ ಪ್ರಬಂಧ ಬರೆಯಬೇಕು. 'ಇದು ಬಲಿಯಾದವರನ್ನೇ ದೂರುವ ವಾದ' ಅಂತ ಬರೆದಿದ್ದಕ್ಕೆ ಮೇಷ್ಟ್ರು 'ಪುರಾವೆ ಎಲ್ಲಿ?' ಅಂತ ಕೇಳಿ ವಾಪಸ್ ಕೊಟ್ಟರು. ಏನು ಬರೆಯಲಿ?

ಮೇಷ್ಟ್ರು ವಾಪಸ್ ಕೊಟ್ಟಿದ್ದು ಸರಿ. ಆ ವಾಕ್ಯ ವಾದ ಮಾಡಿದವರ ಧೋರಣೆಯನ್ನು ಬೈಯುತ್ತದೆಯೇ ಹೊರತು ವಾದ ತಪ್ಪೆಂದು ತೋರಿಸುವುದಿಲ್ಲ. ಕೇಳಲು ಹಿತವಿಲ್ಲದ ಮಾತೂ ನಿಜವಿರಬಹುದಲ್ಲ. ನಿಮಗೆ ಬೇಕಿರುವುದು 'ಬದುಕಿನ ರೀತಿಯೇ ಕಾರಣ', 'ಪರಿಸ್ಥಿತಿಯೇ ಕಾರಣ' ಎಂಬ ಎರಡು ವಿವರಣೆಗಳೂ ಬೇರೆ ಬೇರೆ ಫಲ ನಿರೀಕ್ಷಿಸುವ ಒಂದು ಸಂದರ್ಭ.

ಮೊದಲು, ಈ ವಾದವನ್ನು ಮುಂದಿಟ್ಟ ಆಸ್ಕರ್ ಲೂಯಿಸ್ ನಿಜಕ್ಕೂ ಏನು ಹೇಳಿದ್ದರು ಎಂಬುದನ್ನು ಸರಿಯಾಗಿ ಬರೆಯಿರಿ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. 'ಬಡವರು ಸೋಮಾರಿಗಳು' ಎಂದು ಅವರು ಹೇಳಿರಲಿಲ್ಲ. ಮೆಕ್ಸಿಕೋ ನಗರದ ವಠಾರಗಳಲ್ಲೂ ಪೋರ್ಟೊ ರಿಕೋದ ಸಾನ್ ಹುವಾನ್‌ನ ಕೊಳೆಗೇರಿಗಳಲ್ಲೂ ಕೆಲಸ ಮಾಡಿದ ಈ ಮಾನವಶಾಸ್ತ್ರಜ್ಞರ ಪ್ರಕಾರ, ಬಂಡವಾಳಶಾಹಿ ಸಮಾಜದ ತಳದಲ್ಲಿ ಸಿಕ್ಕಿಕೊಂಡವರು ಆ ಸ್ಥಿತಿಗೆ ಹೊಂದಿಕೊಳ್ಳಲು ಕಟ್ಟಿಕೊಂಡ ಬದುಕಿನ ರೀತಿಯೇ ಬಡತನದ ಸಂಸ್ಕೃತಿ. ಅಂದರೆ ಅದರ ಹುಟ್ಟಿಗೆ ಅವರು ಕೊಡುವ ಕಾರಣ ಸಮಾಜದ ರಚನೆಯೇ. ತಕರಾರು ಇರುವುದು ಅವರ ಎರಡನೆಯ ಹೆಜ್ಜೆಯಲ್ಲಿ. ಒಮ್ಮೆ ಹುಟ್ಟಿದ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ತಾನಾಗಿಯೇ ಸಾಗುತ್ತದೆ. ಕೊಳೆಗೇರಿಯ ಮಕ್ಕಳು ಆರೇಳು ವರ್ಷಕ್ಕಾಗಲೇ ಅದರ ಮೂಲ ಮೌಲ್ಯಗಳನ್ನು ಮೈಗೂಡಿಸಿಕೊಂಡಿರುತ್ತಾರೆ. ಮುಂದೆ ಪರಿಸ್ಥಿತಿ ಸುಧಾರಿಸಿದರೂ, ಅವಕಾಶ ಬಂದರೂ, ಅದನ್ನು ಬಳಸಿಕೊಳ್ಳುವ ಮನಸ್ಥಿತಿ ಅವರಲ್ಲಿ ಇರುವುದಿಲ್ಲ ಎಂದು ಅವರು 1966ರಲ್ಲಿ ಬರೆದರು. ಈ ಹೇಳಿಕೆಯನ್ನು ಗುರುತು ಹಾಕಿಕೊಳ್ಳಿ. ಇದರಲ್ಲಿ ವಯಸ್ಸಿದೆ, ನಿರೀಕ್ಷಿತ ಫಲವಿದೆ, ಹಾಗಾಗಿ ಇದನ್ನು ಪರೀಕ್ಷಿಸಬಹುದು.

ಅವರು ಕೊಟ್ಟ ಸುಮಾರು 70 ಲಕ್ಷಣಗಳ ಪಟ್ಟಿಯನ್ನು ಮಾತ್ರ ಪುರಾವೆ ಎಂದು ಎರಡೂ ಕಡೆಗೆ ಬಳಸಬೇಡಿ. ಒಂದನ್ನು ನೋಡಿದರೆ ಸಾಕು. ದಿನಸಿಯನ್ನು ಬೇಕಾದಾಗ ಬೇಕಾದಷ್ಟೇ, ದಿನಕ್ಕೆ ನಾಲ್ಕಾರು ಸಲ ತರುವುದು ಆ ಪಟ್ಟಿಯಲ್ಲಿದೆ. 'ನಾಳೆಯ ಯೋಚನೆ ಇಲ್ಲ' ಎಂದು ಒಬ್ಬರು ಅದನ್ನು ಓದಬಹುದು. ಕೂಲಿ ಸಂಜೆ ಕೈಗೆ ಬರುತ್ತದೆ, ಹತ್ತಡಿ ಕೋಣೆಯಲ್ಲಿ ಮೂಟೆ ಇಡಲು ಜಾಗವಿಲ್ಲ, ಹಾಗಾಗಿ ನೂರು ಗ್ರಾಂ ಎಣ್ಣೆಯನ್ನೇ ತರಬೇಕು ಎಂದು ಇನ್ನೊಬ್ಬರು ಓದಬಹುದು. ವರ್ತನೆ ಒಂದೇ, ಅದು ಎರಡೂ ಕಥೆಗೆ ಹೊಂದುತ್ತದೆ. ಅದೇ ಪಟ್ಟಿಯಲ್ಲಿ ಅಕ್ಕಪಕ್ಕದವರು ಸೇರಿ ನಡೆಸುವ ಕೈಸಾಲದ ಏರ್ಪಾಡುಗಳೂ ಇವೆ. ನಮ್ಮ ಕಡೆಯ ಚೀಟಿ ನೆನಪಿಸಿಕೊಳ್ಳಿ, ನಾಳೆಯ ಯೋಚನೆ ಇಲ್ಲದವರು ಚೀಟಿ ಕಟ್ಟುತ್ತಾರೆಯೇ? ಒಟ್ಟಿನಲ್ಲಿ, ಬಡವರು ಹೇಗೆ ಬದುಕುತ್ತಿದ್ದಾರೆ ಎಂಬ ವಿವರಣೆ ಎಷ್ಟೇ ದಟ್ಟವಾಗಿದ್ದರೂ ಕಾರಣವನ್ನು ತೀರ್ಮಾನಿಸಲಾರದು. ಜನ ಅವರೇ ಇದ್ದು, ಆದಾಯ ಮಾತ್ರ ಬದಲಾದಾಗ ಏನಾಯಿತು ಎಂದು ನೋಡಬೇಕು.

ಅಂಥ ಒಂದು ಸಂದರ್ಭ ಅಮೆರಿಕದ ನಾರ್ತ್ ಕರೋಲಿನಾದಲ್ಲಿ ತಾನಾಗಿಯೇ ಒದಗಿತು. ನಿಮ್ಮ ಪ್ರಬಂಧದ ನಡುಗಂಬ ಇದೇ ಆಗಲಿ ಎನ್ನುವುದು ನನ್ನ ಸಲಹೆ. ಗ್ರೇಟ್ ಸ್ಮೋಕಿ ಬೆಟ್ಟಸಾಲಿನ ಹಳ್ಳಿಗಾಡಿನಲ್ಲಿ ಜೇನ್ ಕಾಸ್ಟೆಲೊ ಮತ್ತು ಸಂಗಡಿಗರು 1993ರಿಂದ 9ರಿಂದ 13 ವರ್ಷದ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷ ವರ್ಷವೂ ಅಳೆಯುತ್ತಿದ್ದರು. ಇವರಲ್ಲಿ ಕಾಲು ಭಾಗ ಚೆರೋಕೀ ಮೂಲನಿವಾಸಿ ಮಕ್ಕಳು. ಅಧ್ಯಯನ ನಡೆಯುತ್ತಿದ್ದಾಗಲೇ ಚೆರೋಕೀಗಳ ಮೀಸಲು ಪ್ರದೇಶದಲ್ಲಿ ಕ್ಯಾಸಿನೊ ತೆರೆಯಿತು. ಅದರ ಲಾಭದ ಒಂದು ಪಾಲನ್ನು ಬುಡಕಟ್ಟಿನ ಪ್ರತಿ ಸದಸ್ಯರಿಗೂ ಸಮನಾಗಿ ಹಂಚಲಾಯಿತು. ಅರ್ಜಿ ಹಾಕಬೇಕಿರಲಿಲ್ಲ, ದುಡಿದು ತೋರಿಸಬೇಕಿರಲಿಲ್ಲ. ಶ್ರಮಜೀವಿಗೂ ಕುಡುಕನಿಗೂ ಒಂದೇ ಮೊತ್ತ. ಹಾಗಾಗಿ 'ಒಳ್ಳೆಯ ಸ್ವಭಾವದವರಿಗೇ ಹಣ ಸಿಕ್ಕಿತು' ಎಂಬ ಆಕ್ಷೇಪಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ.

ಚೆರೋಕೀ ಕುಟುಂಬಗಳಲ್ಲಿ ಶೇ. 14ರಷ್ಟು ಬಡತನದ ರೇಖೆ ದಾಟಿದವು, ಶೇ. 53ರಷ್ಟು ಬಡತನದಲ್ಲೇ ಉಳಿದವು, ಶೇ. 32ರಷ್ಟು ಮೊದಲಿನಿಂದಲೂ ಬಡವರಾಗಿರಲಿಲ್ಲ. ಕ್ಯಾಸಿನೊಗೆ ಮುಂಚೆ, ರೇಖೆ ದಾಟಲಿದ್ದ ಮನೆಗಳ ಮಕ್ಕಳಲ್ಲಿ ಸರಾಸರಿ 4.28 ಮನೋರೋಗ ಲಕ್ಷಣಗಳು ಕಂಡಿದ್ದವು. ಬಡತನದಲ್ಲೇ ಉಳಿದ ಮನೆಗಳಲ್ಲಿ 4.38; ಬಡವರಲ್ಲದ ಮನೆಗಳಲ್ಲಿ 2.75. ಅಂದರೆ ಮೊದಲೆರಡು ಗುಂಪಿನ ಮಕ್ಕಳು ಆರಂಭದಲ್ಲಿ ಹೆಚ್ಚುಕಡಿಮೆ ಒಂದೇ ಥರ ಇದ್ದರು. ಆಮೇಲೆ ರೇಖೆ ದಾಟಿದ ಮನೆಗಳ ಮಕ್ಕಳ ಲಕ್ಷಣಗಳು ಬಡವರಲ್ಲದವರ ಮಟ್ಟಕ್ಕೆ ಇಳಿದವು. ಬಡತನದಲ್ಲೇ ಉಳಿದವರದು ಇಳಿಯಲಿಲ್ಲ. ಇಳಿದದ್ದು ಮುಖ್ಯವಾಗಿ ಹಟ, ಜಗಳ, ನಿಯಮ ಮುರಿಯುವಂಥ ವರ್ತನೆ. ಬಡತನದ ಸಂಸ್ಕೃತಿಯ ಹೆಸರಿನಲ್ಲಿ ಬಡವರ ಮಕ್ಕಳ ಮೇಲೆ ಹೊರಿಸುವುದೂ ಇವನ್ನೇ. ಹೇಗಾಯಿತು ಎಂದು ಹುಡುಕಿದಾಗ ಸಿಕ್ಕ ಮುಖ್ಯ ಕೊಂಡಿ ಎಂದರೆ ತಂದೆತಾಯಿ ಮಕ್ಕಳ ಮೇಲೆ ಇಡುವ ನಿಗಾ: ಆದಾಯ ಸುಧಾರಿಸಿದ ಮನೆಗಳಲ್ಲಿ ಅದಕ್ಕೆ ಬಿಡುವು ಸಿಕ್ಕಿತ್ತು.

ಈಗ ಲೂಯಿಸ್ ಹೇಳಿದ ವಯಸ್ಸಿಗೆ ಬನ್ನಿ. ಆರೇಳಕ್ಕೆ ಮನಸ್ಸು ಗಟ್ಟಿಯಾಗಿಬಿಡುತ್ತದೆ ಎಂದಾದರೆ ಆ ಗಡಿ ದಾಟಿ ವರ್ಷಗಳಾಗಿದ್ದ ಈ ಮಕ್ಕಳು ಬದಲಾಗಬಾರದಿತ್ತು. ಬದಲಾದರು. ಪಾಲನೆಯ ರೀತಿಯೂ ಸಂಸ್ಕೃತಿಯೇ ತಾನೇ? ಅದೂ ಆದಾಯದ ಹಿಂದೆಯೇ ಬದಲಾಯಿತು.

ಈ ಅಧ್ಯಯನದ ಮಿತಿಗಳನ್ನು ನೀವೇ ಬರೆಯಿರಿ, ಮೇಷ್ಟ್ರು ಕೇಳುವ ತನಕ ಕಾಯಬೇಡಿ. ಆತಂಕ, ಖಿನ್ನತೆಗಳಲ್ಲಿ ಇಂಥ ಇಳಿತ ಕಾಣಲಿಲ್ಲ. ಅಳೆದದ್ದು ಲಕ್ಷಣಗಳನ್ನು, ಲೂಯಿಸ್ ಪಟ್ಟಿಯ ಮೌಲ್ಯಗಳನ್ನು ನೇರವಾಗಿ ಅಲ್ಲ. ಇದೇ ಮಕ್ಕಳನ್ನು ಮುಂದೆ ಹಿಂಬಾಲಿಸಿ ರಾಂಡಲ್ ಅಕೀ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವರ್ಷಕ್ಕೆ ಸುಮಾರು 4,000 ಡಾಲರ್ ಹೆಚ್ಚುವರಿ ಆದಾಯ ಬಡ ಮನೆಗಳ ಮಕ್ಕಳ ಓದನ್ನು 21ರ ವಯಸ್ಸಿಗೆ ಸುಮಾರು ಒಂದು ವರ್ಷದಷ್ಟು ಹೆಚ್ಚಿಸಿತು. ಆದರೆ ಇದನ್ನು ಬಳಸುವಾಗ ಒಂದು ಎಚ್ಚರ ಬೇಕು. ಮಕ್ಕಳ ಸ್ವಂತ ಪಾಲನ್ನು ಕೂಡಿಟ್ಟು, ಹೈಸ್ಕೂಲ್ ಮುಗಿಸಿದವರಿಗೆ 18ಕ್ಕೇ ಕೊಡುತ್ತಿದ್ದರು. ಆ ದುಡ್ಡಿನ ಆಸೆಗೆ ಓದು ಮುಗಿಸಿದರು ಎಂದು ಯಾರಾದರೂ ವಾದಿಸಬಹುದು. ವರ್ತನೆಯ ಫಲಿತಾಂಶಕ್ಕೆ ಆ ಆಕ್ಷೇಪ ತಗಲುವುದಿಲ್ಲ, ಅದಕ್ಕೇ ಅದನ್ನು ಮುಂದಿಡಿ, ಓದಿನದನ್ನು ಹಿಂದಿಡಿ.

ಇಷ್ಟಕ್ಕೆ ನಿಮ್ಮ ವಿಮರ್ಶೆ ನಿಂತರೆ 'ಸಂಸ್ಕೃತಿ ಅಲ್ಲ ಎಂದಾಯಿತು, ಹಾಗಾದರೆ ಏನು?' ಎಂಬ ಪ್ರಶ್ನೆ ಉಳಿಯುತ್ತದೆ. 'ವ್ಯವಸ್ಥೆ' ಎಂದು ಬರೆದು ಕೈತೊಳೆದುಕೊಂಡರೆ ಅದೂ ನಿಮ್ಮ ಮೊದಲ ವಾಕ್ಯದಷ್ಟೇ ಪೊಳ್ಳು. ರಚನೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಬೇಕು.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕ್ರಮ ಇದಕ್ಕೆ ಒದಗುತ್ತದೆ. ಹಳ್ಳಿಗಳ ಅತಿಬಡ ಹೆಂಗಸರಿಗೆ, ಅಂದರೆ ಕೂಲಿ, ಮನೆಗೆಲಸ ಮಾಡುವವರಿಗೆ, ಅದು ಹೆಚ್ಚಾಗಿ ಹಸು ಮತ್ತು ಅದನ್ನು ಸಾಕುವ ತರಬೇತಿ ಕೊಟ್ಟಿತು. ಎಲ್ಲರಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಮೌಲ್ಯದ ಆಸ್ತಿ. ಕ್ಲೇರ್ ಬಾಲ್ಬೋನಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಂದು ಹೊಸ್ತಿಲು ಸಿಕ್ಕಿತು. ಕೊಳ್ಳುವ ಶಕ್ತಿಗೆ ಸರಿದೂಗಿಸಿದ ಡಾಲರ್ ಲೆಕ್ಕದಲ್ಲಿ ಅದು 504. ಮೊದಲೇ ಚೂರುಪಾರು ಆಸ್ತಿ ಇದ್ದು, ಹಸು ಸೇರಿದಾಗ ಈ ಮೊತ್ತ ದಾಟಿದವರು ವರ್ಷಗಳು ಕಳೆದಂತೆ ಇನ್ನಷ್ಟು ಕೂಡಿಸಿದರು. ಸ್ವಲ್ಪದರಲ್ಲಿ ಆ ಮೊತ್ತ ಮುಟ್ಟದೆ ಉಳಿದವರು ಮತ್ತೆ ಕೆಳಕ್ಕೆ ಜಾರಿದರು. ಹಸು ಒಂದೇ ಇದ್ದರೆ ಸಾಲದು. ಕೊಟ್ಟಿಗೆ ಬೇಕು, ಸಾಗಿಸಲು ಗಾಡಿ ಬೇಕು, ಮತ್ತು ಅರ್ಧ ಗಾಡಿ ಯಾರೂ ಮಾರುವುದಿಲ್ಲ. ಒಂದೇ ಊರು, ಒಂದೇ ಬಗೆಯ ಕೂಲಿ, ಒಂದೇ ಆಚಾರ ವಿಚಾರದ ಹೆಂಗಸರು ಎರಡು ದಿಕ್ಕಿಗೆ ಹೋದದ್ದನ್ನು ಸಂಸ್ಕೃತಿಯಿಂದ ವಿವರಿಸುವುದು ಕಷ್ಟ. ಇಲ್ಲಿಂದ ಇನ್ನೊಂದು ಉಪಯೋಗವೂ ಇದೆ: 'ನೆರವು ಕೊಟ್ಟರೂ ಉದ್ಧಾರವಾಗಲಿಲ್ಲ, ನೋಡಿ ಅವರ ಸ್ವಭಾವ' ಎನ್ನುವವರಿಗೆ, ಕೊಟ್ಟದ್ದು ಹೊಸ್ತಿಲಿಗಿಂತ ಕೆಳಗಿತ್ತೇ ಎಂದು ಕೇಳಬಹುದು.

ಭಾರತದ ಬಗ್ಗೆ ಬರೆಯುವಾಗ ಮೇಲಿನ ವಾದವನ್ನು ಹಾಗೇ ತಂದು ಕೂರಿಸಬೇಡಿ, ಏಕೆಂದರೆ ಇಲ್ಲಿನ ತಳಜಾತಿಗಳಿಗೆ ಬಡತನದ ಸಂಸ್ಕೃತಿ ಅನ್ವಯಿಸುವುದಿಲ್ಲ ಎಂದು ಲೂಯಿಸ್ ಅವರೇ ಹೇಳಿದ್ದರು. ಕಡುಬಡತನವಿದ್ದರೂ ಈ ಜಾತಿಗಳು ತಮ್ಮ ಪಂಚಾಯಿತಿ, ಕುಲದ ಕಟ್ಟುಗಳ ಮೂಲಕ ಸಮಾಜದೊಳಗೆ ಬೆಸೆದುಕೊಂಡಿವೆ ಎಂಬುದು ಅವರ ಕಾರಣ. ಇದು ಅವರ ವಾದಕ್ಕೇ ಪೆಟ್ಟು: ಆ ಸಂಸ್ಕೃತಿ ಇಲ್ಲದೆಯೂ ಬಡತನ ತಲೆಮಾರುಗಟ್ಟಲೆ ಸಾಗಬಲ್ಲದು ಎಂದು ಅವರೇ ಒಪ್ಪಿದಂತಾಯಿತು. ಜೊತೆಗೆ, 'ಬೆಸೆದುಕೊಂಡಿವೆ' ಎಂಬ ಮಾತಿನಡಿ ಯಾವ ಬೆಲೆಗೆ ಬೆಸೆದುಕೊಂಡಿವೆ ಎಂಬುದು ಮುಚ್ಚಿಹೋಗುತ್ತದೆ.

ಆ ಬೆಲೆಯ ಒಂದು ಅಳತೆ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರ 2007ರ ಲೇಖನದಲ್ಲಿದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಅವರು ಸಮಾನ ಅರ್ಹತೆಯ ಅರ್ಜಿಗಳನ್ನು ಕಳಿಸಿದರು, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಆಡ್ಸ್ ಅನುಪಾತ, ಅಂದರೆ ಕರೆ ಬರುವ ಮತ್ತು ಬಾರದಿರುವ ಸಾಧ್ಯತೆಗಳ ಪ್ರಮಾಣದ ಹೋಲಿಕೆ, ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಇಲ್ಲಿ ಅರ್ಜಿದಾರರೇ ಇಲ್ಲ, ಬರೀ ಕಾಗದ. ಕಾಗದಕ್ಕೆ ಮೌಲ್ಯ, ಪಾಲನೆ, ಮನಸ್ಥಿತಿ ಯಾವುದೂ ಇರುವುದಿಲ್ಲ. ಆದರೆ ಇದು ಪದವೀಧರರ ಕೆಲಸಗಳ ಮೊದಲ ಬಾಗಿಲನ್ನಷ್ಟೇ ಅಳೆಯುತ್ತದೆ. ಪದವಿಯ ತನಕ ಬರಲಾಗದ ಕಡುಬಡವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ಇದನ್ನು ತಾರತಮ್ಯ ಇದೆ ಎನ್ನಲು ಬಳಸಿ, ಬಡತನ ಇಷ್ಟರಿಂದಲೇ ಉಳಿದಿದೆ ಎನ್ನಲು ಬಳಸಬೇಡಿ.