ಕೆಲ್ಲಿ ಸೂತ್ರ ಹೇಳಿದಷ್ಟು ದುಡ್ಡು ಯಾಕೆ ಹಾಕಲ್ಲ?

ಪ್ರಶ್ನೆ: ಕೆಲ್ಲಿ ಸೂತ್ರ ಬಂಡವಾಳದ 10% ಹಾಕು ಅಂದರೂ ಟ್ರೇಡರ್‌ಗಳು ಅರ್ಧ ಮಾತ್ರ ಯಾಕೆ ಹಾಕ್ತಾರೆ?

ಸೂತ್ರಕ್ಕೆ ನಾವು ಕೊಡುವ ಗೆಲುವಿನ ಅಂದಾಜೇ ತಪ್ಪಿರಬಹುದು, ಅದಕ್ಕೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಈ ಸೂತ್ರ, ಬಂಡವಾಳ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯಲು ಪ್ರತಿ ಸಲ ಎಷ್ಟು ಪಾಲು ಹಾಕಬೇಕು ಅಂತ ಹೇಳುತ್ತದೆ.

ಗೆದ್ದರೆ ಹಾಕಿದಷ್ಟೇ ಲಾಭ, ಸೋತರೆ ಹಾಕಿದ್ದೆಲ್ಲ ಹೋಯಿತು ಅಂದುಕೊಳ್ಳಿ. ಆಗ ಲೆಕ್ಕ ಸುಲಭ: ಗೆಲುವಿನ ಸಾಧ್ಯತೆಯಲ್ಲಿ ಸೋಲಿನದ್ದನ್ನು ಕಳೆಯಿರಿ. 55% ಗೆಲುವಾದರೆ 55 − 45, ಅಂದರೆ 10%. ಒಂದು ಲಕ್ಷ ಇದ್ದರೆ ₹10,000.

ಆದರೆ ಆ 55% ಬಂದಿದ್ದು ಹಳೆಯ ಟ್ರೇಡ್‌ಗಳಿಂದ ಅಲ್ವಾ? ನಿಜವಾದದ್ದು 52% ಆಗಿದ್ದರೆ ಹಾಕಬೇಕಾದದ್ದು ಬರೀ 4%, ನೀವು ಅದರ ಎರಡೂವರೆ ಪಟ್ಟು ಹಾಕುತ್ತಿದ್ದೀರಿ. ಸರಿಯಾದ ಪಾಲಿನ ಸುಮಾರು ಎರಡು ಪಟ್ಟು ದಾಟಿದರೆ, ಗೆಲುವು ಜಾಸ್ತಿ ಇದ್ದರೂ ಬಂಡವಾಳ ನಿಧಾನವಾಗಿ ಕರಗುತ್ತದೆ, ಯಾಕಂದ್ರೆ 10% ಕಳೆದುಕೊಂಡು ಆಮೇಲೆ 10% ಗಳಿಸಿದರೆ ಲಕ್ಷ ವಾಪಸ್ ಬರಲ್ಲ, ₹99,000 ಆಗುತ್ತದೆ.

ಅದೇ 5% ಹಾಕಿದ್ದರೆ ಈ ತಪ್ಪು ಅಂದಾಜಿನಲ್ಲೂ ದುಡ್ಡು ಬೆಳೆಯುತ್ತಿತ್ತು. ಅಂದಾಜು ಸರಿಯಿದ್ದರೂ ಅರ್ಧ ಪಾಲಿಗೆ ಸುಮಾರು ಮುಕ್ಕಾಲು ಭಾಗ ಬೆಳವಣಿಗೆ ಸಿಗುತ್ತದೆ, ಏರಿಳಿತ ಮಾತ್ರ ಅರ್ಧಕ್ಕಿಳಿಯುತ್ತದೆ.