ಷೇರು ಏರಿದರೂ ಕಾಲ್ ಇಳಿದದ್ದೇಕೆ?

ಪ್ರಶ್ನೆ: ಐಟಿ ಕಂಪನಿಯೊಂದರ ತ್ರೈಮಾಸಿಕ ಫಲಿತಾಂಶ ಸಂಜೆ ಬರಲಿತ್ತು. ಷೇರು 1,500 ರೂಪಾಯಿಯಲ್ಲಿದ್ದಾಗ ಅದೇ ಸ್ಟ್ರೈಕ್‌ನ ಕಾಲ್ ಆಪ್ಷನ್ ಅನ್ನು 34 ರೂಪಾಯಿಗೆ ಕೊಂಡೆ. ಎಕ್ಸ್‌ಪೈರಿಗೆ ಐದು ವಹಿವಾಟು ದಿನಗಳಿದ್ದವು. ಮರುದಿನ ಷೇರು 1,515ಕ್ಕೆ ಏರಿತು, ನನ್ನ ಕಾಲ್ ಮಾತ್ರ 24ಕ್ಕೆ ಇಳಿಯಿತು. ಇದು ಹೇಗೆ ಸಾಧ್ಯ?

ಉತ್ತರ: ನೀವು ಕೊಟ್ಟ 34 ರೂಪಾಯಿಯಲ್ಲಿ ಹೆಚ್ಚಿನ ಪಾಲು ಆ ಒಂದು ರಾತ್ರಿಯ ಬೆಲೆ. ರಾತ್ರಿ ಕಳೆಯಿತು, ಆ ಪಾಲೂ ಹೋಯಿತು.

ಇಂಪ್ಲೈಡ್ ವೊಲಟಿಲಿಟಿ, ಅಂದರೆ ಆಪ್ಷನ್ ಪಟ್ಟಿಯಲ್ಲಿ IV ಎಂದು ಕಾಣುವ ಅಂಕಿ, ಆಪ್ಷನ್‌ನ ಬೆಲೆಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ಪಡೆದದ್ದು. ಎಕ್ಸ್‌ಪೈರಿವರೆಗೆ ಷೇರು ಎಷ್ಟು ಅಲುಗಾಡಬಹುದೆಂದು ಮಾರುಕಟ್ಟೆ ಎಣಿಸಿದೆಯೋ ಅದರ ಸರಾಸರಿ ಅದು. ಯಾವ ದಿಕ್ಕಿಗೆ ಎಂಬುದನ್ನು ಅದು ಹೇಳುವುದಿಲ್ಲ.

ಈ ಷೇರು ಸಾಮಾನ್ಯ ದಿನಗಳಲ್ಲಿ ಸುಮಾರು 1.26% ಅಲುಗಾಡುತ್ತದೆ ಎನ್ನೋಣ. ವಾರ್ಷಿಕ ಲೆಕ್ಕದಲ್ಲಿ ಅದು 20% IV. ಫಲಿತಾಂಶದ ದಿನ 5% ಅಲುಗಾಟದ ನಿರೀಕ್ಷೆ ಇರಲಿ. ದಿನಗಳ ಅಲುಗಾಟವನ್ನು ನೇರವಾಗಿ ಕೂಡಿಸುವಂತಿಲ್ಲ, ಅವುಗಳ ವರ್ಗವನ್ನು ಕೂಡಿಸಬೇಕು:

```
4 × 1.26² + 5² ≈ 31.4
√31.4 ≈ 5.6%
```

ಆ 31.4 ಅನ್ನು ಐದು ದಿನಗಳಿಗೆ ಹಂಚಿ, ವರ್ಗಮೂಲ ತೆಗೆದು ವಾರ್ಷಿಕಕ್ಕೆ ತಂದರೆ IV ಸುಮಾರು 40%. ಎಕ್ಸ್‌ಪೈರಿಗೆ 20 ದಿನಗಳಿದ್ದಾಗ ಇದೇ ಲೆಕ್ಕ ಸುಮಾರು 26% ಕೊಡುತ್ತದೆ. ಈ ನಡುವೆ ಯಾರ ಆತಂಕವೂ ಹೆಚ್ಚಿಲ್ಲ. ಸಾಧಾರಣ ದಿನಗಳು ಒಂದೊಂದಾಗಿ ಉದುರಿ, ಉಳಿದ ಕೆಲವೇ ದಿನಗಳಲ್ಲಿ ದೊಡ್ಡ ದಿನದ ಪಾಲು ಹಿಗ್ಗಿದೆ, ಅಷ್ಟೇ. ಹಾಗಾಗಿ ಫಲಿತಾಂಶದ ಮೊದಲು ಏರುವುದು ಮುಖ್ಯವಾಗಿ IV. ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆ, ರೂಪಾಯಿಯಲ್ಲಿ ಏರಲೇಬೇಕೆಂದಿಲ್ಲ. ಅನೇಕ ಸಲ ಅದು ಎಂದಿನಷ್ಟು ಬೇಗ ಕರಗದೆ ನಿಲ್ಲುತ್ತದೆ. ಆತಂಕದಿಂದ ಕೊಳ್ಳುವವರು ಹೆಚ್ಚಿದರೆ, ಮಾರುವವರು ಹಿಂಜರಿದರೆ ಅದರ ಮೇಲೆ ಇನ್ನಷ್ಟು ಸೇರುತ್ತದೆ.

ಫಲಿತಾಂಶ ಬಂದ ಮೇಲೆ ಉಳಿದದ್ದು ನಾಲ್ಕು ಸಾಧಾರಣ ದಿನಗಳು. IV ಮತ್ತೆ 20%ಕ್ಕೆ ಬಿತ್ತು. ಷೇರು ಕದಲದೇ ಇದ್ದಿದ್ದರೆ ನಿಮ್ಮ ಕಾಲ್ ಸುಮಾರು 15 ರೂಪಾಯಿಗೆ ಇಳಿಯುತ್ತಿತ್ತು. 15 ರೂಪಾಯಿ ಏರಿಕೆ ಅದನ್ನು 24ರವರೆಗೆ ಎತ್ತಿತು. ನಿಮ್ಮ 34 ರೂಪಾಯಿ ಮರಳಿ ಬರಲು ಷೇರು ಸುಮಾರು 1,530ಕ್ಕೆ ತಲುಪಬೇಕಿತ್ತು.

ಮುಂದಿನ ಸಲ ಕೊಳ್ಳುವ ಮುನ್ನ ಷೇರಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಎರಡರ ಬೆಲೆಯನ್ನೂ ಕೂಡಿಸಿ. ಇಲ್ಲಿ ಅದು ಸುಮಾರು 67 ರೂಪಾಯಿ, ಅಂದರೆ ಷೇರು ಬೆಲೆಯ 4.5%. ಎಕ್ಸ್‌ಪೈರಿವರೆಗೆ ಸರಾಸರಿ ಅಷ್ಟು ಸರಿದಾಡುತ್ತದೆಂದು ಬೆಲೆ ಹೇಳುತ್ತಿದೆ. ಹಿಂದಿನ ಎಂಟು ಹತ್ತು ಫಲಿತಾಂಶಗಳ ಮರುದಿನ ಷೇರು ಎಷ್ಟು ಸರಿದಿತ್ತೆಂದು ಅದರ ಪಕ್ಕದಲ್ಲಿ ಇಟ್ಟು ನೋಡಿ.

ಘೋಷಣೆಯಾದೊಡನೆ IV ಬಿದ್ದೇ ಬೀಳುತ್ತದೆ ಎಂದು ಆಪ್ಷನ್ ಮಾರಲು ಹೊರಡಬೇಡಿ. 2024ರ ಜೂನ್ 4ರಂದು ಲೋಕಸಭಾ ಮತ ಎಣಿಕೆಯ ದಿನ ನಿಫ್ಟಿ ಸುಮಾರು 6% ಕುಸಿಯಿತು. ಸರ್ಕಾರ ರಚನೆಯ ಚಿತ್ರ ಸ್ಪಷ್ಟವಾಗದ ಕಾರಣ ನಿಫ್ಟಿ ಆಪ್ಷನ್‌ಗಳ IVಯನ್ನು ತೋರಿಸುವ ಸೂಚ್ಯಂಕವಾದ ಇಂಡಿಯಾ ವಿಕ್ಸ್ ಅಂದು ಇಳಿಯುವ ಬದಲು ಜಿಗಿಯಿತು. ಅದು ತಗ್ಗಿದ್ದು ಮರುದಿನ.